ಎಂಟೂವರೆಗೂ ಸುದ್ದಿ ಬರದಿದ್ದರೆ

ಒಬ್ಬರೇ ಇರುವ ಅಮ್ಮನಿಗೋ ಅಪ್ಪನಿಗೋ ಏನಾದರೂ ಆದರೆ ನಮಗೆ ಹೇಗೆ ಗೊತ್ತಾಗಬೇಕು? ಈ ಪ್ರಶ್ನೆ ಬಂದಾಗ ನಾವು ಮೊದಲು ಹುಡುಕುವುದು ಅವರೇ ನಮ್ಮನ್ನು ಕರೆಯುವ ದಾರಿಯನ್ನು. ಕೊರಳಿಗೆ ಹಾಕಿಕೊಳ್ಳುವ ಬಟನ್, ಕೈಗೆ ಕಟ್ಟುವ ವಾಚು, ಫೋನಿನಲ್ಲಿ ಒಂದನ್ನು ಒತ್ತಿದರೆ ಮಗಳಿಗೆ ಕಾಲ್. ಇವೆಲ್ಲ ಒಳ್ಳೆಯವೇ. ಆದರೆ ಬಿದ್ದವರಿಗೆ ಎಚ್ಚರ ಇರಬೇಕು, ಕೈ ಆಡಬೇಕು, ಬಟನ್ ಮೈಮೇಲೇ ಇರಬೇಕು, ಎಲ್ಲಕ್ಕಿಂತ ಹೆಚ್ಚಾಗಿ "ಕರೆಯೋಣ" ಅಂತ ಅವರಿಗೆ ಅನ್ನಿಸಬೇಕು. ಆಗ ಮಾತ್ರ ಇವು ಕೆಲಸಕ್ಕೆ ಬರುತ್ತವೆ.

ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ 90 ದಾಟಿದವರನ್ನು ಒಂದು ವರ್ಷ ಗಮನಿಸಿ ಮಾಡಿದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಆ ವರ್ಷದಲ್ಲಿ ಬಿದ್ದವರ ಪೈಕಿ ನೂರಕ್ಕೆ ಎಂಬತ್ತು ಮಂದಿಗೆ ಒಂದು ಸಲವಾದರೂ ತಾವಾಗಿ ಏಳಲು ಆಗಿರಲಿಲ್ಲ. ನೂರಕ್ಕೆ ಮೂವತ್ತು ಮಂದಿ ಒಂದು ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಹೊತ್ತು ನೆಲದ ಮೇಲೇ ಇದ್ದರು. ಕರೆಯುವ ಅಲಾರಂ ಬಹಳ ಮಂದಿಯ ಹತ್ತಿರ ಇತ್ತು. ಆದರೂ ಹೀಗೆ ತುಂಬಾ ಹೊತ್ತು ಬಿದ್ದಿದ್ದ ಹೆಚ್ಚಿನ ಸಂದರ್ಭಗಳಲ್ಲಿ ಅದನ್ನು ಯಾರೂ ಒತ್ತಿರಲಿಲ್ಲ. ಇದನ್ನು ಓದಿದ ಮೇಲೆ ನನ್ನ ಯೋಚನೆ ಬೇರೆ ಕಡೆ ತಿರುಗಿತು. ಅಮ್ಮ ಕಷ್ಟದಲ್ಲಿದ್ದಾಗ ಏನನ್ನೂ ಮಾಡಬೇಕಾಗಿಲ್ಲದ ಏರ್ಪಾಡು ಬೇಕಿತ್ತು. ಚೆನ್ನಾಗಿರುವಾಗ ಅವರು ಒಂದು ಸಣ್ಣ ಕೆಲಸ ಮಾಡಬೇಕು. ಆ ಕೆಲಸ ಆಗದೆ ಇದ್ದಾಗ ನಮಗೆ ಸುದ್ದಿ ಮುಟ್ಟಬೇಕು.

ರೈಲಿನ ಚಾಲಕರಿಗೆ ಇಂಥದ್ದೇ ಒಂದು ಏರ್ಪಾಡು ಬಹಳ ಹಿಂದಿನಿಂದ ಇದೆ. ಕೈಹಿಡಿಯನ್ನೋ ಪೆಡಲನ್ನೋ ಅವರು ಒತ್ತಿ ಹಿಡಿದಿರಬೇಕು. ಬಿಟ್ಟರೆ ಬ್ರೇಕ್ ಬೀಳುತ್ತದೆ. ಸರ್ವರ್ ನೋಡಿಕೊಳ್ಳುವವರಿಗೂ ಇದು ಗೊತ್ತಿರುವ ವಿಷಯ. ರಾತ್ರಿ ನಡೆಯಬೇಕಾದ ಬ್ಯಾಕಪ್ ಮುಗಿದ ಮೇಲೆ "ಮುಗಿಯಿತು" ಎಂಬ ಸಂದೇಶ ಬರಬೇಕು. ಬರದಿದ್ದರೆ ಯಾರನ್ನಾದರೂ ಎಬ್ಬಿಸಬೇಕು. ನಮ್ಮ ಮನೆಯ ಏರ್ಪಾಡಿನ ಲೆಕ್ಕವೂ ಇದೇ. ಅಮ್ಮನ ಫೋನಿನಲ್ಲಿ ಒಂದು ದೊಡ್ಡ ಹಸಿರು ಬಟನ್ ಇದೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಅವರು ಅದನ್ನು ಒತ್ತುತ್ತಾರೆ. ಒತ್ತಿದ ಹೊತ್ತು ಬೇರೆಲ್ಲೋ ಇರುವ ಸರ್ವರ್‌ನಲ್ಲಿ ದಾಖಲಾಗುತ್ತದೆ. ಬೆಳಿಗ್ಗೆ ಎಂಟೂವರೆ, ರಾತ್ರಿ ಎಂಟೂವರೆ ಗಡುವು. ಗಡುವು ದಾಟಿದರೆ ನನಗೆ ಫೋನು ಬರುತ್ತದೆ. ನಾನು ಎತ್ತದಿದ್ದರೆ ಅಣ್ಣನಿಗೆ ಹೋಗುತ್ತದೆ.

ಹೇಳಲು ಇಷ್ಟೇ. ಆದರೆ ಆ "ಎಂಟೂವರೆ" ಎಲ್ಲಿಂದ ಬಂತು, ಗಡುವು ದಾಟಿದ ಮೇಲಿನ ಅರ್ಧ ಗಂಟೆಯಲ್ಲಿ ಯಾರು ಏನು ಮಾಡಬೇಕು, ಈ ಎರಡು ಪ್ರಶ್ನೆಗಳಿಗೇ ನಮ್ಮ ಬಹುಪಾಲು ಶ್ರಮ ಹೋಯಿತು. ಯಾವ ಆ್ಯಪ್ ಹಾಕಿಕೊಳ್ಳಬೇಕು ಅಂತ ಜನ ಕೇಳುತ್ತಾರೆ. ನನ್ನ ಮಟ್ಟಿಗೆ ಅದು ಮೂರನೆಯ ಪ್ರಶ್ನೆ.

ಮೊದಲು, ಹೊತ್ತು ಯಾಕೆ ಇಷ್ಟು ಮುಖ್ಯ ಅನ್ನುವುದನ್ನು ನೋಡೋಣ. ಮನೆಯಲ್ಲಿ ಅಸಹಾಯಕರಾಗಿ ಬಿದ್ದಿದ್ದವರ ಬಗ್ಗೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ನಡೆದ ಅಧ್ಯಯನವೊಂದು 1996ರಲ್ಲಿ ಬಂತು. ಹನ್ನೆರಡು ವಾರಗಳಲ್ಲಿ ಆಂಬ್ಯುಲೆನ್ಸ್ ಸಿಬ್ಬಂದಿಗೆ ಹೀಗೆ ಮನೆಯೊಳಗೆ ಸಿಕ್ಕವರು 367 ಮಂದಿ. ಕೆಲವರು ಅಷ್ಟರಲ್ಲೇ ತೀರಿಕೊಂಡಿದ್ದರು. ಒಂದು ಗಂಟೆಗಿಂತ ಕಡಿಮೆ ಹೊತ್ತು ಬಿದ್ದಿದ್ದವರಲ್ಲಿ ನೂರಕ್ಕೆ 12 ಮಂದಿ ಉಳಿಯಲಿಲ್ಲ. ಮೂರು ದಿನಕ್ಕಿಂತ ಜಾಸ್ತಿ ಬಿದ್ದಿದ್ದವರಲ್ಲಿ ಉಳಿಯದವರು ನೂರಕ್ಕೆ 67. ಇದಕ್ಕೆ ಹೊತ್ತೊಂದೇ ಕಾರಣ ಅಂತ ಹೇಳಲಾಗದು, ನಿಜ. ತೀರಾ ಕಾಯಿಲೆಯಾದವರೇ ಹೆಚ್ಚು ಹೊತ್ತು ಬಿದ್ದಿರಬಹುದು. ಆದರೂ ನೆಲದ ಮೇಲೆ ಬಿದ್ದಿರುವುದೇ ದೇಹಕ್ಕೆ ಏನು ಮಾಡುತ್ತದೆ ಅನ್ನುವುದು ವೈದ್ಯರಿಗೆ ಚೆನ್ನಾಗಿ ಗೊತ್ತು. ಗಟ್ಟಿ ನೆಲದ ಮೇಲೆ ಒಂದೇ ಮಗ್ಗುಲಲ್ಲಿ ಗಂಟೆಗಟ್ಟಲೆ ಇದ್ದರೆ ಮೈಭಾರಕ್ಕೆ ಸಿಕ್ಕ ಸ್ನಾಯು ಒಡೆಯಲು ಶುರುವಾಗುತ್ತದೆ. ಅದರಿಂದ ಬಿಡುಗಡೆಯಾದದ್ದು ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ. ಬಾಯಿಗೆ ನೀರಿಲ್ಲದಿದ್ದರೆ ಅದು ಇನ್ನೂ ಬೇಗ. ಚರ್ಮದಲ್ಲಿ ಒತ್ತಡದ ಹುಣ್ಣು ಏಳುತ್ತದೆ. ಮೈ ತಣ್ಣಗಾಗುತ್ತದೆ. ಮೂಳೆ ಮುರಿಯದೆ ಬಿದ್ದವರು ಕೂಡ ಹೀಗೆ ಆಸ್ಪತ್ರೆ ಸೇರುತ್ತಾರೆ.

ಪಾರ್ಶ್ವವಾಯುವಿನ ಲೆಕ್ಕ ಇನ್ನೂ ಬಿಗಿ. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಟ್ಟಾಗಬೇಕು. ಆ ನಾಲ್ಕೂವರೆ ಗಂಟೆ ಎಣಿಸುವುದು ನಾವು ಅವರನ್ನು ಕಂಡ ಹೊತ್ತಿನಿಂದ ಅಲ್ಲ, ಅವರು ಚೆನ್ನಾಗಿದ್ದದ್ದು ಕೊನೆಗೆ ಖಚಿತವಾಗಿ ಗೊತ್ತಿದ್ದ ಹೊತ್ತಿನಿಂದ. ಒಬ್ಬರೇ ಇರುವವರ ವಿಷಯದಲ್ಲಿ "ಕೊನೆಗೆ ಯಾವಾಗ ಚೆನ್ನಾಗಿದ್ದರು?" ಅಂತ ವೈದ್ಯರು ಕೇಳಿದರೆ ಹೆಚ್ಚಿನ ಮನೆಯವರ ಹತ್ತಿರ ಉತ್ತರ ಇರುವುದಿಲ್ಲ. "ನಿನ್ನೆ ಫೋನಿನಲ್ಲಿ ಮಾತಾಡಿದ್ದರು" ಅಷ್ಟೇ. ದಿನಕ್ಕೆರಡು ಸಲ ದಾಖಲಾಗುವ ಹೊತ್ತು ಈ ಪ್ರಶ್ನೆಗೂ ಉತ್ತರ ಆಗಬಹುದು. ಏರ್ಪಾಡು ಮಾಡುವಾಗ ನಮಗೆ ಇದು ಹೊಳೆದಿರಲಿಲ್ಲ, ಪರಿಚಯದ ವೈದ್ಯರೊಬ್ಬರು ಹೇಳಿದ ಮೇಲೆ ತಿಳಿಯಿತು.

ಈಗ ಗಡುವಿನ ಲೆಕ್ಕಕ್ಕೆ ಬರೋಣ. ದಿನಕ್ಕೆ ಒಂದೇ ಸಲ, ಬೆಳಿಗ್ಗೆ ಮಾತ್ರ ಒತ್ತುವ ಏರ್ಪಾಡು ಅಂದುಕೊಳ್ಳಿ. ಅಮ್ಮ ಏಳೂಕಾಲಿಗೆ ಒತ್ತಿದರು. ಏಳೂವರೆಗೆ ಬಿದ್ದರು. ನಮಗೆ ಗೊತ್ತಾಗುವುದು ಮರುದಿನ ಬೆಳಿಗ್ಗೆ ಎಂಟೂವರೆಗೆ. ಅಂದರೆ ಇಪ್ಪತ್ತೈದು ಗಂಟೆ. "ದಿನಾ ವಿಚಾರಿಸುತ್ತೇವೆ" ಅನ್ನುವಾಗ ಮನಸ್ಸಿಗೆ ಸಿಗುವ ಸಮಾಧಾನಕ್ಕೂ ಈ ಇಪ್ಪತ್ತೈದಕ್ಕೂ ಬಹಳ ದೂರ. ರಾತ್ರಿಗೂ ಒಂದು ಗಡುವು ಇಟ್ಟರೆ ಅದೇ ಬೆಳಗಿನ ಪೆಟ್ಟು ನಮಗೆ ಹದಿಮೂರು ಗಂಟೆಯಲ್ಲಿ ಗೊತ್ತಾಗುತ್ತದೆ. ಅದೂ ಕಡಿಮೆಯಲ್ಲ. ಈ ನಡುವಿನ ಹೊತ್ತಿಗೆ ನಾವು ಮನೆಯಲ್ಲಿ ಕುರುಡು ಹೊತ್ತು ಅನ್ನುತ್ತೇವೆ. ಯಾವ ಚೆಕ್-ಇನ್ ಏರ್ಪಾಡೂ ಅದನ್ನು ಸೊನ್ನೆ ಮಾಡುವುದಿಲ್ಲ. ಹಾಗಾಗಿ ಎರಡು ಗಡುವುಗಳನ್ನು ಎಲ್ಲಿ ಇಡಬೇಕು ಅನ್ನುವುದಕ್ಕೆ ಬೆಲೆ ಬರುತ್ತದೆ.

ನಾವು ಯೋಚಿಸಿದ್ದು ಹೀಗೆ. ಅಮ್ಮನಿಗೆ ಹೆಚ್ಚು ಅಪಾಯ ಇರುವುದು ಯಾವಾಗ? ನಸುಕಿನಲ್ಲಿ ಕತ್ತಲಲ್ಲಿ ಎದ್ದು ಬಚ್ಚಲಿಗೆ ಹೋಗುವಾಗ. ಮಲಗಿದ್ದವರು ತಟ್ಟನೆ ಎದ್ದು ನಿಂತರೆ ರಕ್ತದೊತ್ತಡ ಇಳಿದು ತಲೆ ಸುತ್ತುತ್ತದೆ. ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಇನ್ನೂ ಜಾಸ್ತಿ. ಆಮೇಲೆ ಸ್ನಾನ, ಒದ್ದೆ ನೆಲ. ಅಂದರೆ ಐದರಿಂದ ಏಳೂವರೆಯವರೆಗಿನ ಹೊತ್ತು. ಗಡುವನ್ನು ಈ ಹೊತ್ತು ಮುಗಿದ ಕೂಡಲೇ ಇಟ್ಟರೆ, ಬೀಳುವ ಸಂಭವ ಎಲ್ಲಿ ಜಾಸ್ತಿಯೋ ಅಲ್ಲಿ ಕಾಯುವ ಹೊತ್ತು ಕಡಿಮೆಯಾಗುತ್ತದೆ. ಅದೇ ಗಡುವನ್ನು ಮಧ್ಯಾಹ್ನ ಹನ್ನೆರಡಕ್ಕೆ ಇಟ್ಟಿದ್ದರೆ ಚೆಕ್-ಇನ್ ಸಂಖ್ಯೆ ಅಷ್ಟೇ ಇರುತ್ತಿತ್ತು, ಆದರೆ ನಸುಕಿನಲ್ಲಿ ಬಿದ್ದವರು ಏಳು ಗಂಟೆ ನೆಲದ ಮೇಲಿರುತ್ತಿದ್ದರು.

ಇದರಿಂದಲೇ ಇನ್ನೊಂದು ವಿಷಯ ಹೊಳೆಯಿತು. ಬಟನ್ ಒತ್ತುವುದು ಎದ್ದ ಕೂಡಲೇ ಅಲ್ಲ, ಸ್ನಾನ ಆದ ಮೇಲೆ. ಹಾಸಿಗೆಯ ಪಕ್ಕದಲ್ಲಿ ಫೋನಿದ್ದರೆ ಕಣ್ಣು ಬಿಟ್ಟ ತಕ್ಷಣ ಒತ್ತಿಬಿಡುವುದು ಸುಲಭ. ಅಮ್ಮನೂ ಶುರುವಿನಲ್ಲಿ ಹಾಗೇ ಮಾಡುತ್ತಿದ್ದರು. ಹಾಗೆ ಒತ್ತಿದರೆ ಅದು ಹೇಳುವುದು "ಎಚ್ಚರವಾಗಿದ್ದೇನೆ" ಎಂದಷ್ಟೇ. ಅದಾದ ಹತ್ತು ನಿಮಿಷಕ್ಕೆ ಬಚ್ಚಲಲ್ಲಿ ಜಾರಿದರೆ ನಾವು ಸಂಜೆಯವರೆಗೂ ನಿಶ್ಚಿಂತೆಯಿಂದ ಇರುತ್ತೇವೆ. ಈಗ ಫೋನು ಅಡುಗೆಮನೆಯ ಗೋಡೆಯ ಸ್ಟ್ಯಾಂಡಿನಲ್ಲಿ ಚಾರ್ಜ್ ಆಗುತ್ತಾ ಇರುತ್ತದೆ. ಎದ್ದು, ಸ್ನಾನ ಮುಗಿಸಿ, ಅಡುಗೆಮನೆಗೆ ನಡೆದು ಬಂದ ಮೇಲೆ ಒತ್ತುವುದು. ಆ ಒಂದು ಒತ್ತಿನಲ್ಲಿ ನಡಿಗೆ, ಬಚ್ಚಲು, ಎಚ್ಚರ ಮೂರೂ ಸೇರಿವೆ.

ಸರಿ, ಎಂಟೂವರೆಯೇ ಯಾಕೆ, ಎಂಟು ಯಾಕಲ್ಲ? ಇದಕ್ಕೆ ನಾವು ಕೆಲವು ವಾರ ಅಲಾರಂ ಇಲ್ಲದೆ ಸುಮ್ನೆ ಹೊತ್ತನ್ನು ಮಾತ್ರ ದಾಖಲಿಸಿದೆವು. ಹೆಚ್ಚಿನ ದಿನ ಏಳರಿಂದ ಏಳೂವರೆ ಒಳಗೆ ಅಮ್ಮ ಒತ್ತುತ್ತಿದ್ದರು. ನಿದ್ದೆ ಸರಿ ಬಾರದ ರಾತ್ರಿಯ ಮರುದಿನ ಎಂಟಾಗುತ್ತಿತ್ತು. ಎಂಟೂಕಾಲು ದಾಟಿದ್ದು ಇಲ್ಲವೇ ಇಲ್ಲ ಅನ್ನಬಹುದು. ಇಲ್ಲಿ ಸರಾಸರಿ ನೋಡಿದರೆ ತಪ್ಪುತ್ತದೆ. ಸರಾಸರಿ ಏಳೂಕಾಲು ಅಂತ ಏಳೂಮುಕ್ಕಾಲಿಗೆ ಗಡುವು ಇಟ್ಟರೆ ವಾರಕ್ಕೊಮ್ಮೆ ಸುಮ್ಮಸುಮ್ಮನೆ ಗಾಬರಿ. ನೋಡಬೇಕಾದದ್ದು ತಡವಾದ ದಿನಗಳನ್ನು. ಆ ಕೊನೆಯ ಅಂಚಿಗೆ ಸ್ವಲ್ಪ ಜಾಗ ಬಿಟ್ಟು ಗಡುವು ಇಡಬೇಕು.

ಹುಸಿ ಅಲಾರಂ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಅದು ಬರೀ ಕಿರಿಕಿರಿ ಅಲ್ಲ. ಮೂರು ಸಲ "ಅಯ್ಯೋ, ಮರೆತಿದ್ದೆ ಕಣೇ" ಅಂತ ಅಮ್ಮ ಹೇಳಿದರೆ, ನಾಲ್ಕನೇ ಸಲ ಫೋನು ಬಂದಾಗ "ಮರೆತಿರಬೇಕು" ಅಂತ ನನ್ನ ಮನಸ್ಸೇ ಹೇಳಿಬಿಡುತ್ತದೆ. ಕೈಯಲ್ಲಿದ್ದ ಕೆಲಸ ಮುಗಿಸಿ ನೋಡೋಣ ಅನ್ನಿಸುತ್ತದೆ. ಆಸ್ಪತ್ರೆಯ ತೀವ್ರ ನಿಗಾ ಘಟಕಗಳಲ್ಲಿ ಇದೇ ತೊಂದರೆ ಎಲ್ಲರಿಗೂ ಗೊತ್ತಿದೆ. ಮಾನಿಟರುಗಳು ದಿನವಿಡೀ ಕೂಗುತ್ತಿದ್ದರೆ ಕಿವಿ ಅದಕ್ಕೆ ಒಗ್ಗಿಹೋಗುತ್ತದೆ. ಅಮ್ಮನ ಕಡೆಯಿಂದ ನೋಡಿದರೆ ಇನ್ನೊಂದು ಕಷ್ಟ. ಚೆನ್ನಾಗಿಯೇ ಇದ್ದಾಗ ಪಕ್ಕದ ಮನೆಯವರು ಓಡಿ ಬಂದರೆ ಅವರಿಗೆ ಸಂಕೋಚ, ಆಮೇಲೆ ಸಿಟ್ಟು, ಆಮೇಲೆ "ಇದೆಲ್ಲ ಬೇಡ, ತೆಗೆದುಬಿಡು". ಅಲ್ಲಿಗೆ ಏರ್ಪಾಡೇ ಮುಗಿಯಿತು.

ಅದಕ್ಕೇ ನಮ್ಮ ಮೊದಲ ಮೆಟ್ಟಿಲು ನನ್ನ ಫೋನಲ್ಲ, ಅಮ್ಮನದೇ ಫೋನು. ಎಂಟು ಗಂಟೆಗೆ ಅವರ ಫೋನು ಜೋರಾಗಿ ರಿಂಗ್ ಆಗುತ್ತದೆ. ಮರೆತಿದ್ದರೆ ಅವರೇ ಬಂದು ಒತ್ತುತ್ತಾರೆ, ವಿಷಯ ಅಲ್ಲಿಗೇ ಮುಗಿಯುತ್ತದೆ. ಎಂಟೂಕಾಲಿಗೆ ಇನ್ನೊಂದು ಸಲ. ಎಂಟೂವರೆಗೆ ನನಗೆ. ನೋಟಿಫಿಕೇಶನ್ ಅಲ್ಲ, ಮಾತಾಡುವ ಕಾಲ್. ನೋಟಿಫಿಕೇಶನ್ ನೂರಾರರ ನಡುವೆ ಮುಳುಗಿಹೋಗುತ್ತದೆ. ಆ ಕಾಲ್ ಬರುವ ನಂಬರನ್ನು ನನ್ನ ಫೋನಿನಲ್ಲಿ ಸೇವ್ ಮಾಡಿ, ಸದ್ದು ಬಂದ್ ಮಾಡಿಟ್ಟಾಗಲೂ ರಿಂಗ್ ಆಗುವ ಹಾಗೆ ಅನುಮತಿ ಕೊಟ್ಟಿದ್ದೇನೆ. ನಾನು ಎತ್ತಿ ಒಂದನ್ನು ಒತ್ತಿದರೆ "ನೋಡಿಕೊಳ್ಳುತ್ತಿದ್ದೇನೆ" ಎಂದು ಅರ್ಥ. ಐದು ನಿಮಿಷ ಒತ್ತದಿದ್ದರೆ ಅಣ್ಣನಿಗೆ. ಸುಮ್ಮನೆ ಕಾಲ್ ಎತ್ತಿದರೆ ಸಾಲದು ಅನ್ನುವ ನಿಯಮ ಇದೆಯಲ್ಲ, ಅದು ಮುಖ್ಯ. ನಿದ್ದೆಗಣ್ಣಲ್ಲಿ ಎತ್ತಿ ಮತ್ತೆ ಮಲಗಿಬಿಡಬಹುದು, ಅಥವಾ ವಾಯ್ಸ್‌ಮೇಲ್ ಎತ್ತಿಕೊಂಡುಬಿಡಬಹುದು.

ಅಣ್ಣ ಬೇರೆ ದೇಶದಲ್ಲಿದ್ದಾನೆ. ಅಲ್ಲಿ ವರ್ಷಕ್ಕೆರಡು ಸಲ ಗಡಿಯಾರವನ್ನು ಒಂದು ಗಂಟೆ ಹಿಂದೆ ಮುಂದೆ ಮಾಡುತ್ತಾರೆ. ಗಡುವನ್ನು ಅವನ ಫೋನಿನ ಹೊತ್ತಿಗೆ ಕಟ್ಟಿಹಾಕಿದರೆ ಆ ದಿನದಿಂದ ಅಮ್ಮನ ಗಡುವು ಒಂದು ಗಂಟೆ ಸರಿದುಬಿಡುತ್ತದೆ. ಮಕ್ಕಳು ದೂರದೇಶದಲ್ಲಿರುವ ಮನೆಗಳಲ್ಲಿ ಇದನ್ನು ಗಮನಿಸಿ. ಗಡುವು ಯಾವಾಗಲೂ ಒತ್ತುವವರ ಊರಿನ ಗಡಿಯಾರದ್ದೇ ಆಗಿರಬೇಕು.

ಇನ್ನೊಂದು ವಿಷಯದಲ್ಲಿ ರಾಜಿಯೇ ಇಲ್ಲ. "ಗಡುವು ದಾಟಿತು" ಎಂದು ತೀರ್ಮಾನಿಸುವ ಕೆಲಸ ಅಮ್ಮನ ಫೋನಿನದ್ದಾಗಿರಬಾರದು. ಕೆಲವು ಆ್ಯಪ್‌ಗಳು ಆ ಫೋನಿನಿಂದಲೇ ನಮಗೆ ಎಸ್ಸೆಮ್ಮೆಸ್ ಕಳಿಸುತ್ತವೆ. ಫೋನಿನ ಚಾರ್ಜ್ ಮುಗಿದರೆ, ನೀರಿಗೆ ಬಿದ್ದರೆ, ನೆಟ್‌ವರ್ಕ್ ಹೋದರೆ, ಬ್ಯಾಟರಿ ಉಳಿಸಲೆಂದು ಫೋನೇ ಆ್ಯಪನ್ನು ಮಲಗಿಸಿಬಿಟ್ಟರೆ ಅಲಾರಂ ಬರುವುದೇ ಇಲ್ಲ. ಏನೂ ಬರಲಿಲ್ಲ ಅಂದರೆ ಎಲ್ಲ ಸರಿಯಿದೆ ಅಂದುಕೊಳ್ಳುತ್ತೇವೆ. ಇಡೀ ಏರ್ಪಾಡಿನ ತಳಹದಿಯೇ ತಲೆಕೆಳಗಾಗುತ್ತದೆ. ಎಣಿಸುವವರು ಬೇರೆ ಕಡೆ ಇರಬೇಕು. ಆಗ ಫೋನು ಕೆಟ್ಟರೂ ಅದು ಮೌನವೇ, ಅಮ್ಮ ಬಿದ್ದರೂ ಅದು ಮೌನವೇ, ಎರಡಕ್ಕೂ ನಮಗೆ ಕರೆ ಬರುತ್ತದೆ. ಪರೀಕ್ಷೆ ಸುಲಭ. ಅಮ್ಮನಿಗೆ ಮೊದಲೇ ಹೇಳಿ, ಅವರ ಫೋನನ್ನು ಪೂರ್ತಿ ಆಫ್ ಮಾಡಿಟ್ಟು ಗಡುವು ದಾಟಲು ಬಿಡಿ. ನಿಮಗೆ ಕಾಲ್ ಬಂದರೆ ಸರಿ. ನಾವು ಇದನ್ನು ತಿಂಗಳಿಗೊಮ್ಮೆ ಮಾಡುತ್ತೇವೆ. ಸರ್ವರ್ ಕೂಡ ಸಾಯಬಹುದಲ್ಲ, ಅದಕ್ಕಾಗಿ ದಿನಾ ಎಂಟೂವರೆಗೆ "ಅಮ್ಮ 7:12ಕ್ಕೆ ಒತ್ತಿದರು" ಎಂಬ ಒಂದು ಸಾಲು ನಮ್ಮಿಬ್ಬರಿಗೂ ಬರುತ್ತದೆ. ಆ ಸಾಲೇ ಬರದ ದಿನ ಸರ್ವರ್ ನೋಡಬೇಕು, ಅದಕ್ಕೂ ಮೊದಲು ಅಮ್ಮನಿಗೆ ಫೋನ್ ಮಾಡಬೇಕು.

ಫೋನು ತಾನಾಗಿ ಕೊಡುವ ಗುರುತುಗಳನ್ನೇ ನೋಡಿಕೊಂಡರೆ ಸಾಲದೇ ಅಂತ ಅಣ್ಣ ಕೇಳಿದ್ದ. ಜಪಾನಿನಲ್ಲಿ ಜೊಜಿರುಶಿ ಕಂಪನಿ 2001ರಲ್ಲೇ ಬಿಸಿನೀರಿನ ವಿದ್ಯುತ್ ಪಾತ್ರೆಯೊಂದನ್ನು ತಂದಿತ್ತು. ಒಂಟಿಯಾಗಿರುವ ಹಿರಿಯರು ಅದನ್ನು ಬಳಸಿದರೆ ದೂರದ ಮಕ್ಕಳಿಗೆ ಇಮೇಲ್ ಹೋಗುತ್ತದೆ. ಹಿರಿಯರು ನೆನಪಿಟ್ಟು ಏನನ್ನೂ ಮಾಡಬೇಕಿಲ್ಲ, ಅದು ದೊಡ್ಡ ಅನುಕೂಲ. ಮರೆವು ಶುರುವಾದವರಿಗೆ ಬಟನ್‌ಗಿಂತ ಇಂಥದ್ದೇ ವಾಸಿ. ಆದರೆ ಮೆಸೇಜ್ ಆ್ಯಪಿನಲ್ಲಿ ಕೊನೆಗೆ ಯಾವಾಗ ಆನ್‌ಲೈನ್ ಇದ್ದರು ಎಂಬುದನ್ನು ನಂಬಬೇಡಿ. ಮನೆಗೆ ಬಂದ ಬೇರೆಯವರು ಫೋನು ಮುಟ್ಟಿರಬಹುದು. ಅಮ್ಮನದೇ ಬೆರಳು ಅಂತ ಅದು ಹೇಳುವುದಿಲ್ಲ.

ಈಗ ನಿಜವಾಗಿ ನಡೆದದ್ದನ್ನು ಹೇಳುತ್ತೇನೆ. ಒಂದು ಬೆಳಿಗ್ಗೆ ಎಂಟೂವರೆಗೆ ನನಗೆ ಕಾಲ್ ಬಂತು. ನಮ್ಮದು ಒಂದೇ ನಿಯಮ. ಕಾರಣ ಊಹಿಸಬಾರದು, ಪಟ್ಟಿಯಲ್ಲಿ ಬರೆದದ್ದನ್ನು ಮಾಡಬೇಕು. ಅಮ್ಮನ ಮೊಬೈಲಿಗೆ ಎರಡು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಲ್ಯಾಂಡ್‌ಲೈನಿಗೆ ಮಾಡಿದೆ. ಎತ್ತಲಿಲ್ಲ. ಅಷ್ಟಕ್ಕೆ ಐದು ನಿಮಿಷ. ಪಕ್ಕದ ಮನೆಯ ಆಂಟಿಗೆ ಮಾಡಿದೆ. "ಆಂಟೀ, ಅಮ್ಮ ಒತ್ತಿಲ್ಲ, ಫೋನೂ ಎತ್ತುತ್ತಿಲ್ಲ" ಅಂದೆ. ಅವರು ಏನೂ ಕೇಳಲಿಲ್ಲ. "ಲೈನಲ್ಲೇ ಇರಮ್ಮ, ಕೀ ತಗೊಂಡು ಹೋಗ್ತೀನಿ" ಅಂದರು.

ಇಲ್ಲಿ ಒಂದು ಬಾಗಿಲಿನ ವಿಷಯ ಇದೆ. ಪಕ್ಕದ ಮನೆಯಲ್ಲಿ ಕೀ ಕೊಟ್ಟಿದ್ದೇವೆ ಅಂತ ಎಷ್ಟೋ ಜನ ನೆಮ್ಮದಿಯಿಂದ ಇರುತ್ತಾರೆ. ಆದರೆ ರಾತ್ರಿ ಒಳಗಿನಿಂದ ಚಿಲಕ ಹಾಕಿಕೊಂಡರೆ ಆ ಕೀ ಯಾವ ಕೆಲಸಕ್ಕೂ ಬರುವುದಿಲ್ಲ. ನಸುಕಿನಲ್ಲಿ ಬಿದ್ದವರ ಬಾಗಿಲಿಗೆ ಚಿಲಕ ಹಾಕಿಯೇ ಇರುತ್ತದೆ. ನಾವು ಚಿಲಕ ತೆಗೆಸಿ, ಒಳಗಿನಿಂದ ತಿರುಗಿಸಿ ಭದ್ರ ಮಾಡಿದರೂ ಹೊರಗಿನಿಂದ ಕೀಯಲ್ಲಿ ತೆರೆಯುವ ಬೀಗ ಹಾಕಿಸಿದ್ದೆವು. ಚಿಲಕ ಇಲ್ಲದೆ ಅಮ್ಮನಿಗೆ ಕೆಲವು ದಿನ ನಿದ್ದೆ ಬರಲಿಲ್ಲ. ಅವರ ಭಯ ಸುಳ್ಳೇನಲ್ಲ. ಅದಕ್ಕೆ ಬಾಗಿಲಿನ ಹೊರಗೆ ದೀಪ, ನೋಡುವ ಕಿಂಡಿ ಎರಡೂ ಆದ ಮೇಲೆಯೇ ಅವರು ಒಪ್ಪಿದ್ದು. ಬಚ್ಚಲಿನ ಬಾಗಿಲಿಗೂ ಒಬ್ಬರೇ ಇದ್ದಾಗ ಚಿಲಕ ಬೇಡ ಅಂತ ಮಾತಾಗಿತ್ತು. ಆ ಬಾಗಿಲು ಹೊರಕ್ಕೆ ತೆರೆಯುವ ಹಾಗೆ ಮಾಡಿಸಿದ್ದೂ ಒಳ್ಳೆಯದೇ ಆಯಿತು. ಒಳಕ್ಕೆ ತೆರೆಯುವ ಬಾಗಿಲಿನ ಹಿಂದೆ ಮನುಷ್ಯರು ಬಿದ್ದಿದ್ದರೆ ತಳ್ಳಲೂ ಆಗುವುದಿಲ್ಲ.

ಆಂಟಿ ಒಳಗೆ ಹೋದಾಗ ಎಂಟು ನಲವತ್ತೈದು. ಅಮ್ಮ ಬಚ್ಚಲಿನ ಹೊಸ್ತಿಲ ಹತ್ತಿರ ನೆಲದ ಮೇಲಿದ್ದರು. ಎಚ್ಚರ ಇತ್ತು. ಆರು ಗಂಟೆ ಹೊತ್ತಿಗೆ ಕಾಲು ಜಾರಿತ್ತು. ಸೊಂಟ ನೋವಿನಿಂದ ಮಗ್ಗುಲಾಗಲೂ ಆಗಿರಲಿಲ್ಲ. ಆಂಟಿಗೆ ನಾವು ಮೊದಲೇ ಹೇಳಿದ್ದೆವು, ಹಿಡಿದೆಬ್ಬಿಸಬೇಡಿ, ಹೊದಿಕೆ ಹೊದಿಸಿ, ಆಂಬ್ಯುಲೆನ್ಸ್ ಬರುವವರೆಗೆ ಮಾತಾಡಿಸುತ್ತಿರಿ ಅಂತ. ಅವರು ಹಾಗೇ ಮಾಡಿದರು. ಫ್ರಿಜ್ಜಿನ ಮೇಲೆ ಅಂಟಿಸಿದ್ದ ಹಾಳೆಯನ್ನು ಕಿತ್ತು ಆಂಬ್ಯುಲೆನ್ಸಿನವರ ಕೈಗೆ ಕೊಟ್ಟರು. ಅದರಲ್ಲಿ ಅಮ್ಮನ ಮಾತ್ರೆಗಳ ಹೆಸರಿತ್ತು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಾರೆ ಎಂಬುದನ್ನು ಮೇಲೆಯೇ ದೊಡ್ಡದಾಗಿ ಬರೆದಿದ್ದೆವು. ತಲೆಗೆ ಪೆಟ್ಟು ಬಿದ್ದಿದ್ದರೆ ಅದೊಂದು ಸಾಲು ವೈದ್ಯರ ತೀರ್ಮಾನವನ್ನೇ ಬದಲಿಸುತ್ತದೆ.

ಮೂಳೆ ಮುರಿದಿರಲಿಲ್ಲ. ರಕ್ತ ಪರೀಕ್ಷೆ ಮಾಡಿ ಮೂತ್ರಪಿಂಡ ಸರಿಯಿದೆ ಅಂದರು, ಒಂದು ದಿನ ಡ್ರಿಪ್ ಹಾಕಿ ಇಟ್ಟುಕೊಂಡು ಕಳಿಸಿದರು. ನೆಲದ ಮೇಲೆ ಎರಡೂಮುಕ್ಕಾಲು ಗಂಟೆ. ನಾವು ರಾತ್ರಿಯದೊಂದೇ ಗಡುವು ಇಟ್ಟಿದ್ದರೆ ಅದು ಹದಿನಾಲ್ಕೂವರೆ ಗಂಟೆಗಿಂತ ಜಾಸ್ತಿಯಾಗುತ್ತಿತ್ತು.

ಆಮೇಲೆ ಅಮ್ಮ ಹೇಳಿದ ಒಂದು ಮಾತು ನನ್ನೊಳಗೆ ಉಳಿದಿದೆ. "ಎಂಟು ಗಂಟೆಗೆ ಅಡುಗೆಮನೇಲಿ ಫೋನು ರಿಂಗ್ ಆಯ್ತು. ಆಗ ಗೊತ್ತಾಯ್ತು ಹೊತ್ತೆಷ್ಟು ಅಂತ. ಇನ್ನರ್ಧ ಗಂಟೆಗೆ ನಿನಗೆ ಹೋಗತ್ತೆ ಅಂತ ಲೆಕ್ಕ ಹಾಕ್ತಾ ಮಲಗಿದ್ದೆ." ಎಷ್ಟು ಹೊತ್ತಿಗೆ ಯಾರು ಬರುತ್ತಾರೆ ಎಂಬುದು ಬಿದ್ದವರಿಗೂ ಗೊತ್ತಿರಬೇಕು ಎಂಬುದನ್ನು ಯಾವ ಅಧ್ಯಯನದಲ್ಲೂ ನಾನು ಓದಿರಲಿಲ್ಲ. ತೆವಳಿಕೊಂಡು ಹೋಗಲು ನೋಡಿ ಇನ್ನಷ್ಟು ಪೆಟ್ಟು ಮಾಡಿಕೊಳ್ಳದೆ ಅವರು ಕಾದಿದ್ದು ಅದರಿಂದಲೇ. ಹಾಗಾಗಿ ಗಡುವು ಬದಲಿಸಿದಾಗಲೆಲ್ಲ ಮೊದಲು ಅಮ್ಮನಿಗೆ ಹೇಳುತ್ತೇವೆ. ಅವರಿಗೆ ತಿಳಿಯದ ಹಾಗೆ ಏನನ್ನೂ ಬದಲಿಸುವುದಿಲ್ಲ.

ಊರಿಗೆ ಹೋಗುವ ದಿನಗಳಿಗೆ ಒಂದು "ವಿರಾಮ" ಬಟನ್ ಕೂಡ ಇದೆ. ಅದಕ್ಕೆ ಕೊನೆಯ ದಿನ ಹಾಕದೆ ವಿರಾಮ ಕೊಡಲು ಆಗುವುದಿಲ್ಲ. ಮದುವೆಗೆ ಹೋಗಿ ಬಂದವರು ಮತ್ತೆ ಆನ್ ಮಾಡಲು ಮರೆತರೆ ತಿಂಗಳುಗಟ್ಟಲೆ ಯಾರೂ ಕಾಯುತ್ತಿರುವುದಿಲ್ಲ, ಎಲ್ಲರೂ ಕಾಯುತ್ತಿದ್ದೇವೆ ಅಂದುಕೊಂಡಿರುತ್ತಾರೆ.

ಈ ಏರ್ಪಾಡಿಗೆ ಗೊತ್ತಾಗದ ವಿಷಯಗಳೂ ಇವೆ. ಜ್ವರ ಬಂದು ಊಟ ಬಿಟ್ಟಿದ್ದರೂ ಅಮ್ಮ ಬಟನ್ ಒತ್ತುತ್ತಾರೆ. ಮನಸ್ಸಿಗೆ ಬೇಜಾರಾಗಿದ್ದರೂ ಒತ್ತುತ್ತಾರೆ. ಹಿರಿಯರಿಗೆ ಮೂತ್ರದ ಸೋಂಕಾದರೆ ಕೆಲವೊಮ್ಮೆ ತಲೆಯೇ ಗೊಂದಲವಾಗುತ್ತದೆ. ಆಗಲೂ ಕೈ ಅಭ್ಯಾಸಬಲದಿಂದ ಒತ್ತಿಬಿಡಬಹುದು. ಹಸಿರು ಬಟನ್ ಹೇಳುವುದು "ನಡೆದು ಅಡುಗೆಮನೆಯವರೆಗೆ ಬಂದೆ" ಎಂದಷ್ಟೇ. ಅದಕ್ಕೇ ಸಂಜೆಯ ಫೋನು ನಾನು ಬಿಟ್ಟಿಲ್ಲ. "ಒತ್ತಿದ್ದಾರಲ್ಲ, ನಾಳೆ ಮಾತಾಡೋಣ" ಅಂತ ಅನ್ನಿಸುವ ದಿನಗಳಿರುತ್ತವೆ. ಆ ದಿನಗಳಲ್ಲೂ ಫೋನ್ ಮಾಡುತ್ತೇನೆ, ಯಾಕೆಂದರೆ ದನಿಯಲ್ಲಿ ಗೊತ್ತಾಗುವುದು ಸಾಲಿನಲ್ಲಿ ಗೊತ್ತಾಗುವುದಿಲ್ಲ.

ಆದರೆ ದಾಖಲಾದ ಹೊತ್ತುಗಳನ್ನು ಒಟ್ಟಿಗೆ ನೋಡಿದರೆ ಒಂದಿಷ್ಟು ತಿಳಿಯುತ್ತದೆ. ಆ ಪೆಟ್ಟು ವಾಸಿಯಾದ ಮೇಲೆ ಅಮ್ಮನ ಬೆಳಗಿನ ಹೊತ್ತು ನಿಧಾನವಾಗಿ ಮುಂದೆ ಸರಿಯುತ್ತಾ ಬಂತು. ಏಳೂಕಾಲು ಇದ್ದದ್ದು ಏಳೂಮುಕ್ಕಾಲಾಯಿತು, ಎಂಟಾಯಿತು. ಗಡುವು ಒಂದು ದಿನವೂ ದಾಟಿರಲಿಲ್ಲ, ಅಲಾರಂ ಬಂದಿರಲಿಲ್ಲ. ಆದರೂ ವಿಚಾರಿಸಿದೆ. ಬಚ್ಚಲಿಗೆ ಹೋಗಲು ಭಯ ಅಂತ ಬೆಳಕು ಹರಿಯುವವರೆಗೂ ಹಾಸಿಗೆಯಲ್ಲೇ ಕೂತಿರುತ್ತಿದ್ದರಂತೆ. ಗೋಡೆಗೆ ಹಿಡಿಕೆ ಹಾಕಿಸಿದೆವು. ನಡಿಗೆಯ ದಾರಿಯಲ್ಲಿ ಮನುಷ್ಯರು ಬಂದರೆ ತಾನಾಗಿ ಹೊತ್ತಿಕೊಳ್ಳುವ ದೀಪ ಹಾಕಿಸಿದೆವು. ಹೊತ್ತು ಮತ್ತೆ ಏಳೂವರೆಗೆ ಬಂದಿದೆ, ಅದಕ್ಕಿಂತ ಹಿಂದೆ ಬಂದಿಲ್ಲ.

ಹಗಲಿನ ಕುರುಡು ಹೊತ್ತು ಹಾಗೇ ಇದೆ. ಮಧ್ಯಾಹ್ನ ಎರಡಕ್ಕೆ ಮೂರನೆಯ ಗಡುವು ಇಡೋಣ ಅಂತ ಅಣ್ಣ ಹೇಳಿದ. ಹದಿಮೂರು ಗಂಟೆ ಏಳಕ್ಕೆ ಇಳಿಯುತ್ತದೆ, ಲೆಕ್ಕ ಸರಿಯಾಗಿಯೇ ಇದೆ. ಅಮ್ಮ ಒಪ್ಪಲಿಲ್ಲ. "ಎರಡು ಸಲ ಹಾಜರಿ ಹಾಕ್ತೀನಲ್ಲ, ಸಾಕು. ಮಧ್ಯಾಹ್ನ ನಾನು ಮಲಗ್ತೀನಿ, ಆಚೆ ಹೋಗ್ತೀನಿ, ಅದು ನನ್ನ ಹೊತ್ತು" ಅಂದರು. ನಾನು ಅಮ್ಮನ ಕಡೆ ನಿಂತೆ. ಮಧ್ಯಾಹ್ನದ ನಿದ್ದೆಯಲ್ಲಿ ಗಡುವು ದಾಟಿದರೆ ಹುಸಿ ಅಲಾರಂ ಹೆಚ್ಚುತ್ತದೆ, ಅದು ಬೆಳಗಿನ ಅಲಾರಂನ ಬೆಲೆಯನ್ನೂ ಕಳೆಯುತ್ತದೆ. ಅದರ ಬದಲು ಹಗಲಿಗೆ ಮಾತ್ರ ಕೈಗೆ ಕಟ್ಟುವ ಬಟನ್ ಒಂದನ್ನು ಅಮ್ಮ ಒಪ್ಪಿಕೊಂಡಿದ್ದಾರೆ. ಅದನ್ನು ಕಟ್ಟಿಕೊಳ್ಳುತ್ತಾರೋ ಡ್ರಾಯರಿನಲ್ಲಿ ಇಡುತ್ತಾರೋ ಅಂತ ಆಂಟಿ ಒಂದಿಷ್ಟು ದಿನ ಗಮನಿಸುತ್ತೇನೆ ಅಂದಿದ್ದಾರೆ. ಅಮ್ಮನಿಗೂ ಅದು ಗೊತ್ತು.